ಫೋಟೊದಲ್ಲಿನ ಬಟ್ಟೆ: ನೇಯ್ದದ್ದೋ, ಹೆಣೆದದ್ದೋ?



ನಿಮ್ಮ ಕೈಗೆ ಎರಡು ಫೋಟೊ ಕೊಟ್ಟಿದ್ದೇವೆ. ಎರಡರಲ್ಲೂ ಕಾಲಿಗೆ ಅಂಟಿದಂತಿರುವ ಕಪ್ಪು ಉಡುಪು, ಕಾಲ ಗಂಟಿನ ಬಳಿ ಸಾಲುಸಾಲು ಸುಕ್ಕು. ಒಂದು ಹಳೆಯ ಮಾದರಿಯ ಚೂಡಿದಾರ್ ಪ್ಯಾಂಟು, ಇನ್ನೊಂದು ಲೆಗಿಂಗ್ಸ್. ಬಟ್ಟೆ ಕೈಯಲ್ಲಿದ್ದರೆ ಒಮ್ಮೆ ಎಳೆದು ಹೇಳಿಬಿಡಬಹುದಿತ್ತು. ಇಲ್ಲಿ ಕಣ್ಣೊಂದೇ ಆಧಾರ.

ಚೂಡಿದಾರ್ ನೇಯ್ದ ಬಟ್ಟೆ. ಅದರಲ್ಲಿ ಹಾಸು, ಹೊಕ್ಕು ಎರಡೂ ನೇರವಾಗಿ ಬಿಗಿದಿರುತ್ತವೆ. ಎಳೆಯ ಜಾಡಿನಲ್ಲೇ ಎಳೆದರೆ ಹೆಚ್ಚು ಹಿಗ್ಗುವುದಿಲ್ಲ. ಅದಕ್ಕೇ ದರ್ಜಿಗಳು ಅದನ್ನು ಓರೆಯಾಗಿ, ಕ್ರಾಸ್ ಕಟಿಂಗ್‌ನಲ್ಲಿ ಕತ್ತರಿಸುತ್ತಾರೆ. ಆಗ ಎಳೆಗಳ ನಡುವಿನ ಚೌಕಗಳು ವಜ್ರಾಕಾರಕ್ಕೆ ವಾಲಿ ಬಟ್ಟೆ ಉದ್ದಕ್ಕೆ ಜಗ್ಗುತ್ತದೆ, ಅಗಲದಲ್ಲಿ ಕಿರಿದಾಗುತ್ತದೆ. ಎಳೆಯೇನೂ ಉದ್ದವಾಗಿಲ್ಲ, ಕೋನ ಬದಲಾಗಿದೆ ಅಷ್ಟೆ. ಲೆಗಿಂಗ್ಸ್‌ನದು ಬನಿಯನ್ ಬಟ್ಟೆಯ ಜಾತಿ. ಅಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಕುಣಿಕೆಯ ಬಾಗು ನೆಟ್ಟಗಾಗುತ್ತದೆ, ಅದರಲ್ಲೂ ಅಡ್ಡಕ್ಕೆ ಧಾರಾಳವಾಗಿ.

ಫೋಟೊ ಹತ್ತಿರದ್ದಾಗಿದ್ದರೆ ಕೆಲಸ ಸುಲಭ. ಸಾದಾ ಹೆಣಿಗೆಯ ಮುಖದಲ್ಲಿ ಇಂಗ್ಲಿಷಿನ ವಿ ಅಕ್ಷರವನ್ನು ಒಂದರ ಮೇಲೊಂದು ಪೇರಿಸಿದಂಥ ಕಂಬಸಾಲು ಕಾಣುತ್ತದೆ. ಆದರೆ ಕಪ್ಪು ಬಟ್ಟೆ, ದೂರದ ಫೋಟೊ ಎಂದರೆ ಮೇಲ್ಮೈ ಏನನ್ನೂ ಬಿಟ್ಟುಕೊಡದು. ಆಗ ನಾನು ಮೊದಲು ನೋಡುವುದು ಉಡುಪಿನ ಬಾಯನ್ನು. ಕಾಲ ಗಂಟಿನ ಸುತ್ತ ಬಿಗಿಯಾಗಿರುವ ನೇಯ್ದ ಬಟ್ಟೆಯೊಳಗೆ ಹಿಮ್ಮಡಿ ತೂರುವುದು ಹೇಗೆ? ಅದಕ್ಕಾಗಿ ಅನೇಕ ಚೂಡಿದಾರ್‌ಗಳ ಅಂಚಿನಲ್ಲಿ ಸೀಳು ಬಿಟ್ಟು ಹುಕ್ಕನ್ನೋ ಗುಂಡಿಯನ್ನೋ ಇಟ್ಟಿರುತ್ತಾರೆ. ಲೆಗಿಂಗ್ಸ್‌ಗೆ ಅದು ಬೇಕಿಲ್ಲ, ಅದರ ಬಾಯಿ ತಾನೇ ಹಿಗ್ಗುತ್ತದೆ. ಟೀ ಶರ್ಟಿನ ಕತ್ತಿಗೆ ಗುಂಡಿಯಿಲ್ಲದೆಯೂ ತಲೆ ತೂರುವುದು ಇದೇ ಕಾರಣಕ್ಕೆ.

ಆಮೇಲೆ ಸುಕ್ಕು. ಚೂಡಿದಾರನ್ನು ಕಾಲಿಗಿಂತ ಉದ್ದವಾಗಿ ಹೊಲಿದು, ಮಿಕ್ಕ ಬಟ್ಟೆಯನ್ನು ಬಳೆಗಳಂತೆ ಕೂರಿಸುತ್ತಾರೆ. ಆ ಮಡಿಕೆಗಳ ಏಣು ಚೂಪಾಗಿ ಕಾಣುತ್ತದೆ. ಹೆಣೆದ ಬಟ್ಟೆಯ ಮಡಿಕೆ ಸಾಮಾನ್ಯವಾಗಿ ದುಂಡಗೆ, ಮೆತ್ತಗೆ ಇರುತ್ತದೆ. ಸುಕ್ಕೊಂದನ್ನೇ ನಂಬಿ ತೀರ್ಪು ಕೊಡಬೇಡಿ. ದಪ್ಪ ಹೆಣಿಗೆಯೂ ಇಸ್ತ್ರಿಯ ಗೆರೆಯನ್ನು ಹಿಡಿದಿಟ್ಟುಕೊಳ್ಳಬಹುದು.

ಅತಿ ಹೆಚ್ಚು ಜನ ಎಡವುವುದು ಸ್ಟ್ರೆಚ್ ಜೀನ್ಸ್‌ನಲ್ಲಿ. ಮೈಗೆ ಅಂಟಿದೆ, ಆದ್ದರಿಂದ ಹೆಣೆದದ್ದು ಎಂದುಬಿಡುತ್ತಾರೆ. ದೊಡ್ಡದು ಮಾಡಿ ನೋಡಿದರೆ ನೇಯ್ಗೆಯ ಓರೆಗೆರೆಗಳು ಕಾಣುತ್ತವೆ. ಸಾಮಾನ್ಯವಾಗಿ ಅದರ ಹೊಕ್ಕಿನಲ್ಲಿ ಲೈಕ್ರಾದಂಥ ಎಳೆ ಸೇರಿರುತ್ತದೆ. ಹಾಗಾಗಿ ತೊಡೆಯ ಸುತ್ತ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ.

ಹಿಗ್ಗಿದ್ದು ಮತ್ತೆ ಮೊದಲಿನಂತಾಗುತ್ತದೆಯೇ ಎಂಬುದನ್ನು ರಚನೆಯೊಂದರಿಂದ ಹೇಳಲಾಗದು. ಅದಕ್ಕೆ ಎರಡನೆಯ ಫೋಟೊದ ಮೊಣಕಾಲನ್ನು ನೋಡಿ: ಲೆಗಿಂಗ್ಸ್ ತೊಟ್ಟವಳು ನೆಟ್ಟಗೆ ನಿಂತಿದ್ದಾಳೆ, ಬಟ್ಟೆ ಮಾತ್ರ ಇನ್ನೂ ಕೂತವರ ಮಂಡಿಯಂತೆ ಉಬ್ಬಿಕೊಂಡಿದೆ.