ಅಪಾಯ ಮಟ್ಟಕ್ಕೂ ಮೊದಲೇ ಎಚ್ಚರ: ಆಸ್ಪತ್ರೆ ಉಗ್ರಾಣದ ದಾಸ್ತಾನು ಲೆಕ್ಕ



ಎರಡು ದಿನದ ಈ ವಿಚಾರ ಸಂಕಿರಣಕ್ಕೆ ನಾನು ಒಂದೇ ವಸ್ತುವನ್ನು ಮುಂದಿಟ್ಟುಕೊಂಡು ಮಾತು ಆರಂಭಿಸುತ್ತೇನೆ: 500 ಮಿಲಿಲೀಟರಿನ ಸಲೈನ್ ಬಾಟಲಿ. ನಮ್ಮ ಲೆಕ್ಕಕ್ಕಾಗಿ ಒಂದು ತಾಲ್ಲೂಕು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ವಾರಕ್ಕೆ ಸಾಮಾನ್ಯವಾಗಿ 150 ಬಾಟಲಿ ಖರ್ಚಾಗುತ್ತದೆ. ತಣ್ಣಗಿನ ವಾರದಲ್ಲಿ 100, ಡೆಂಗಿ ಹಬ್ಬಿದ ವಾರದಲ್ಲಿ 200. ಇಂಡೆಂಟ್ ಹಾಕಿದ ಮೇಲೆ ಸರಕು ಕೈಸೇರಲು ಬೇಗ ಎಂದರೆ 2 ವಾರ, ತಡ ಎಂದರೆ 6 ವಾರ, ವಾಡಿಕೆಯಾಗಿ 4 ವಾರ. ಒಂದು ಸಲಕ್ಕೆ ತರಿಸುವುದು 900 ಬಾಟಲಿ.

ಮೊದಲು ತಿಳಿಯಬೇಕಾದದ್ದು ಯಾವಾಗ ಆದೇಶ ಹೊರಡಬೇಕು ಎಂಬುದು. ಬಳಕೆ ಅತಿ ಹೆಚ್ಚು, ಪೂರೈಕೆ ಅತಿ ತಡ ಎಂದು ಇಟ್ಟುಕೊಂಡರೆ 200ನ್ನು 6ರಿಂದ ಗುಣಿಸಬೇಕು, 1200 ಬಂತು. ಇದು ಮರು ಆದೇಶ ಮಟ್ಟ. ಎಲ್ಲವೂ ವಾಡಿಕೆಯಂತೆ ನಡೆದರೆ ಸರಕು ಬರುವ 4 ವಾರಗಳಲ್ಲಿ 600 ಖರ್ಚಾಗಿ ಇನ್ನೂ 600 ಉಳಿದಿರುತ್ತದೆ. ಆ ಉಳಿಕೆಯೇ ಕನಿಷ್ಠ ಮಟ್ಟ. ಇನ್ನು ಬಳಕೆ ಅತಿ ಕಡಿಮೆಯಾಗಿ, ಪೂರೈಕೆ ಅತಿ ಬೇಗ ಆದರೆ 2 ವಾರದಲ್ಲಿ ಖರ್ಚಾಗುವುದು 200 ಮಾತ್ರ. 1200ಕ್ಕೆ 900 ಸೇರಿಸಿ 200 ಕಳೆದರೆ 1900, ಅದು ಗರಿಷ್ಠ ಮಟ್ಟ.

ಹಲವು ಉಗ್ರಾಣಗಳಲ್ಲಿ ಕನಿಷ್ಠ ಮಟ್ಟ ತಲುಪಿದ ದಿನವೇ ಇಂಡೆಂಟ್ ಬರೆಯಲು ಕೂರುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ದಾಸ್ತಾನು 600ಕ್ಕಿಂತ ಕೆಳಗಿಳಿದಿದೆ, ಸರಕು ಇನ್ನೂ ಬಂದಿಲ್ಲ ಎಂದರೆ ಬಳಕೆ ಏರಿದೆ, ಇಲ್ಲವೇ ಪೂರೈಕೆ ತಡವಾಗಿದೆ ಎಂದು ಅರ್ಥ. ಅಂದು ಮಾಡಬೇಕಾದದ್ದು ಹೊರಟ ಆದೇಶದ ಬೆನ್ನು ಹತ್ತುವುದು.

ಅಪಾಯ ಮಟ್ಟದ ಲೆಕ್ಕವೇ ಬೇರೆ. ಅಲ್ಲಿ ವಾಡಿಕೆಯ ಪೂರೈಕೆ ಅವಧಿಯನ್ನು ಹಿಡಿಯುವುದಿಲ್ಲ. ತುರ್ತಾಗಿ ಸ್ಥಳೀಯವಾಗಿ ಕೊಂಡರೆ ಎಷ್ಟು ದಿನ ಬೇಕು ಎಂಬುದನ್ನು ಹಿಡಿಯುತ್ತೇವೆ. ಅನುಮತಿ, ಬಿಲ್ಲು, ಸಾಗಾಟ ಎಲ್ಲ ಸೇರಿ 1 ವಾರ ಬೇಕಾದರೆ, ಪಠ್ಯಪುಸ್ತಕದ ಸೂತ್ರದಂತೆ ಸರಾಸರಿ ಬಳಕೆ 150, ಅಪಾಯ ಮಟ್ಟವೂ 150. ಆಸ್ಪತ್ರೆಗೆ ಇದು ಸಾಲದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದಾಸ್ತಾನು ಇಷ್ಟು ಕುಸಿಯುವುದೇ ಹೆಚ್ಚಾಗಿ ಬಳಕೆ ಏರಿದ ವಾರಗಳಲ್ಲಿ. ಹಾಗಾಗಿ ಜೀವರಕ್ಷಕ ವಸ್ತುಗಳಿಗೆ ಗರಿಷ್ಠ ಬಳಕೆಯನ್ನೇ ಹಿಡಿದು 200 ಎಂದು ಗುರುತಿಸಬೇಕು.

ಸೂತ್ರಗಳು ಸುಲಭ. ಕೆಡುವುದು ಅವಕ್ಕೆ ತುಂಬುವ ಅಂಕಿಗಳಲ್ಲಿ. 26 ವಾರಗಳಲ್ಲಿ 3150 ಬಾಟಲಿ ಕೊಟ್ಟಿದ್ದೇವೆ ಎಂದುಕೊಳ್ಳಿ. ಭಾಗಿಸಿದರೆ ವಾರಕ್ಕೆ 121. ಆದರೆ ಬಿನ್ ಕಾರ್ಡ್ ತಿರುವಿ ನೋಡಿದರೆ 5 ವಾರ ಶಿಲ್ಕು ಸೊನ್ನೆ. ಆ ವಾರಗಳಲ್ಲಿ ರೋಗಿಗಳು ಇರಲಿಲ್ಲವೆಂದಲ್ಲ. ಹೊರಗಿನ ಅಂಗಡಿಯಿಂದ ಕೊಂಡು ತಂದರು. ದಾಸ್ತಾನು ಇದ್ದ 21 ವಾರಗಳಿಂದ ಭಾಗಿಸಿದರೆ ನಿಜವಾದ ಬಳಕೆ 150. ತಪ್ಪು ಸರಾಸರಿಯಿಂದ ವಾರ್ಷಿಕ ಇಂಡೆಂಟ್ ಹಾಕಿದರೆ 7800 ಬೇಕಾದಲ್ಲಿ 6292 ಕೇಳುತ್ತೇವೆ, ಅಂದರೆ ಸುಮಾರು 10 ವಾರಗಳ ಸರಕನ್ನು ನಾವೇ ಕೈಬಿಟ್ಟಂತೆ. ಮುಂದಿನ ವರ್ಷ ಸೊನ್ನೆಯ ವಾರಗಳು ಹೆಚ್ಚುತ್ತವೆ, ಸರಾಸರಿ ಇನ್ನೂ ಇಳಿಯುತ್ತದೆ. ಈ ಸುಳಿಯಿಂದ ಹೊರಬರದೆ ಯಾವ ತಂತ್ರಾಂಶವೂ ನಮ್ಮನ್ನು ಕಾಯುವುದಿಲ್ಲ.

ಪೂರೈಕೆ ಅವಧಿಯಲ್ಲೂ ಇಂಥದೇ ತಪ್ಪು ನಡೆಯುತ್ತದೆ. ಪೂರೈಕೆದಾರರ ಪತ್ರದಲ್ಲಿರುವ ದಿನಗಳನ್ನೇ ಬರೆದುಕೊಳ್ಳುತ್ತೇವೆ. ಇಂಡೆಂಟ್ ಸಹಿಗಾಗಿ ಮೇಜಿನ ಮೇಲೆ ಕಾದ ದಿನಗಳನ್ನೂ, ಬಂದ ಪೆಟ್ಟಿಗೆಗಳು ತಪಾಸಣೆಗಾಗಿ ಮೂಲೆಯಲ್ಲಿ ಕುಳಿತ ದಿನಗಳನ್ನೂ ಸೇರಿಸುವುದಿಲ್ಲ. ಇಂಡೆಂಟ್ ಬರೆದ ದಿನದಿಂದ ಬಾಟಲಿ ವಾರ್ಡಿಗೆ ಕೊಡಲು ಸಿದ್ಧವಾದ ದಿನದವರೆಗೆ ಎಣಿಸಬೇಕು.

ಈ ಲೆಕ್ಕ ಎಲ್ಲ ವಸ್ತುಗಳಿಗೂ ಹೊಂದುವುದಿಲ್ಲ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ತಿಂಗಳುಗಟ್ಟಲೆ ಖರ್ಚಾಗದೇ ಇರಬಹುದು. ಒಬ್ಬ ರೋಗಿ ಬಂದರೆ ಆರಂಭದಲ್ಲೇ 8ರಿಂದ 10 ವಯಲ್ ಬೇಕು, ಕೆಲವೊಮ್ಮೆ 20ರವರೆಗೂ ಹೋಗುತ್ತದೆ. ಅಲ್ಲಿ ಸರಾಸರಿ ಬಳಕೆ ಏನನ್ನೂ ಹೇಳುವುದಿಲ್ಲ. ಎಷ್ಟು ರೋಗಿಗಳ ಪೂರ್ಣ ಚಿಕಿತ್ಸೆಗೆ ಸಾಕಾಗುವಷ್ಟು ಇರಲೇಬೇಕು ಎಂದು ವೈದ್ಯರೊಂದಿಗೆ ಕುಳಿತು ಕನಿಷ್ಠ ಮಟ್ಟ ನಿರ್ಧರಿಸಬೇಕು. ಇನ್ಸುಲಿನ್‌ಗೆ ಗರಿಷ್ಠ ಮಟ್ಟವನ್ನು ಹೇಳುವುದು ಸೂತ್ರಕ್ಕಿಂತ ಮೊದಲು ಫ್ರಿಜ್ಜಿನ ಜಾಗ ಮತ್ತು ಅವಧಿ ಮುಗಿಯುವ ದಿನಾಂಕ.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ಉಗ್ರಾಣದ ಮೂರು ವಸ್ತುಗಳ ಬಿನ್ ಕಾರ್ಡ್‌ಗಳನ್ನು ಮುಂದಿಟ್ಟುಕೊಳ್ಳಿ. ಸೊನ್ನೆ ಶಿಲ್ಕಿನ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಅವನ್ನು ಬಿಟ್ಟು ಬಳಕೆಯನ್ನು ಮತ್ತೆ ಲೆಕ್ಕ ಹಾಕಿ, ಹೊಸ ನಾಲ್ಕು ಮಟ್ಟಗಳನ್ನು ಕಾರ್ಡಿನ ಮೇಲೆಯೇ ಬರೆದುಕೊಂಡು ಊರಿಗೆ ಮರಳಿ ಎಂದು ಕೋರುತ್ತೇನೆ.