ತೂಗಿದ್ದು ಅಕ್ಕಿಯೋ, ಅನ್ನವೋ?

ಸಿರುಗುಪ್ಪ, ಕುರುಗೋಡು ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಹಚ್ಚೊಳ್ಳಿಯ ಕೇಳುಗರೊಬ್ಬರು ಅದನ್ನು ಲೆಕ್ಕದ ಸಮೇತ ಬರೆದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ. ಅಕ್ಕಿ ಚೀಲದ ಮೇಲಿನ ಪಟ್ಟಿಯಲ್ಲಿ ನೂರು ಗ್ರಾಂಗೆ 78 ಗ್ರಾಂ ಕಾರ್ಬೋಹೈಡ್ರೇಟ್ ಎಂದಿದೆ. ಮಗ ತಂದುಕೊಟ್ಟ ತಕ್ಕಡಿಯಲ್ಲಿ ತಾಟಿನ ಅನ್ನ ತೂಗಿದರೆ 350 ಗ್ರಾಂ ಬಂತು. 78ನ್ನು 350ರಿಂದ ಗುಣಿಸಿ ನೂರರಿಂದ ಭಾಗಿಸಿದರು, ಉತ್ತರ 273. "ಒಂದೇ ಊಟಕ್ಕೆ ಇಷ್ಟಾದರೆ ನಾನು ಅನ್ನ ಬಿಡಬೇಕೇನ್ರಿ? ಭತ್ತ ಬೆಳೆಯೋ ಊರಾಗ ಇದ್ದು ಅನ್ನ ಬಿಡೋದು ಹೆಂಗ?" ಎಂದು ಕೇಳಿದ್ದಾರೆ.

ಅವರ ಗುಣಾಕಾರ, ಭಾಗಾಕಾರ ಎರಡೂ ಸರಿ. ತಪ್ಪಿರುವುದು ತೂಗಿದ ವಸ್ತುವಿನಲ್ಲಿ. ಚೀಲದ ಮೇಲಿನ 78 ಅಕ್ಕಿಗೆ ಸೇರಿದ್ದು, ಅವರು ತಕ್ಕಡಿಗೆ ಇಟ್ಟದ್ದು ಅನ್ನವನ್ನು.

ಅನ್ನದಲ್ಲಿ ಅಕ್ಕಿಯ ಜೊತೆಗೆ ಅದು ಕುಡಿದ ನೀರೂ ಇದೆ. ಆ ನೀರಿಗೆ ತೂಕವಿದೆ, ಕಾರ್ಬೋಹೈಡ್ರೇಟ್ ಇಲ್ಲ, ಕ್ಯಾಲೊರಿ ಇಲ್ಲ. ಹಾಗಾಗಿ ಬೆಂದ ಮೇಲೆ ತೂಕ ಏರುತ್ತದೆ, ಒಳಗಿನ ಪಿಷ್ಟ ಇದ್ದಷ್ಟೇ ಇರುತ್ತದೆ. ಪಟ್ಟಿಯಲ್ಲಿ "ತಯಾರಿಸಿದ ನಂತರ" ಎಂದು ಬೇರೆಯಾಗಿ ಬರೆದಿಲ್ಲವಾದರೆ ಆ ಅಂಕಿಗಳು ಪ್ಯಾಕೆಟ್ಟಿನಲ್ಲಿ ಇದ್ದ ಸ್ಥಿತಿಯವು. ಅಕ್ಕಿಗೂ ಅಷ್ಟೇ, ಶಾವಿಗೆಗೂ ಅಷ್ಟೇ, ಓಟ್ಸಿಗೂ ಅಷ್ಟೇ.

ಹಾಗಾದರೆ ತಾಟಿನಲ್ಲಿರುವ ಅನ್ನದ ಲೆಕ್ಕ ಹೇಗೆ? ಆ ಮನೆಯ ಅಡುಗೆಯನ್ನೇ ಹಿಡಿಯೋಣ. ಒಲೆಗೆ ಹಾಕುವ ಮೊದಲು ಅಕ್ಕಿ ತೂಗಿ. 500 ಗ್ರಾಂ ಎಂದಿಟ್ಟುಕೊಳ್ಳಿ. ಅನ್ನ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಉಳಿದದ್ದು 1,400 ಗ್ರಾಂ ಅನ್ನ ಎಂದುಕೊಳ್ಳೋಣ. ಇವರ ತಾಟಿಗೆ ಬಂದದ್ದು 350, ಅಂದರೆ ಪಾತ್ರೆಯ ಕಾಲು ಭಾಗ. ಅನ್ನದಲ್ಲಿ ಕಾಲು ಭಾಗ ಬಂದರೆ ಅಕ್ಕಿಯಲ್ಲೂ ಕಾಲು ಭಾಗವೇ ಬಂತು, 125 ಗ್ರಾಂ. ಈಗ ಚೀಲದ ಅಂಕಿಯನ್ನು ಇದಕ್ಕೆ ಹಚ್ಚಿ. 78ನ್ನು 125ರಿಂದ ಗುಣಿಸಿ ನೂರರಿಂದ ಭಾಗಿಸಿದರೆ ತೊಂಬತ್ತೇಳೂವರೆ ಗ್ರಾಂ. ಎಲ್ಲಿಯ 273, ಎಲ್ಲಿಯ 97! ಇದೇನೂ ಸಣ್ಣ ಅಳತೆಯಲ್ಲ, ಡಾಕ್ಟರು ಕಡಿಮೆ ಮಾಡಿ ಎಂದರೆ ಮಾಡಲೇಬೇಕು. ಆದರೆ ಕಡಿಮೆ ಮಾಡಬೇಕಾದದ್ದು ಇದರಲ್ಲಿ, 273ರಲ್ಲಿ ಅಲ್ಲ.

ಖಾಲಿ ಪಾತ್ರೆಯನ್ನು ದಿನಾ ಯಾರು ತೂಗುತ್ತಾರೆ ಎನ್ನುವಿರಿ. ಸ್ಟೀಲ್ ಪಾತ್ರೆಗೆ ಅಂಗಡಿಯಲ್ಲಿ ಹೆಸರು ಕೆತ್ತಿಸುತ್ತೇವಲ್ಲ, ನಮ್ಮ ಮನೆಯಲ್ಲಿ ಅನ್ನದ ಪಾತ್ರೆಗೆ ಹೆಸರಿನ ಪಕ್ಕದಲ್ಲೇ ತೂಕವನ್ನೂ ಕೆತ್ತಿಸಿದ್ದೇವೆ. ಅಂಗಡಿಯವನು ನಕ್ಕ, ನಗಲಿ.

"ಅಕ್ಕಿಯ ಎಷ್ಟು ಪಟ್ಟು ಅನ್ನ ಆಗುತ್ತದೆ ಎಂದು ಒಂದು ಅಂಕಿ ಕೊಟ್ಟುಬಿಡಿ" ಎನ್ನುವವರೂ ಇದ್ದಾರೆ. ಎರಡೂವರೆಯಿಂದ ಮೂರು ಪಟ್ಟು ಎಂದು ಹೇಳಬಹುದು. ಆದರೆ ಹೊಸ ಅಕ್ಕಿಗಿಂತ ಹಳೆ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ ಎಂಬುದನ್ನು ಭತ್ತದ ಸೀಮೆಯವರಿಗೆ ನಾನು ಹೇಳಿಕೊಡಬೇಕೇ? ಒಬ್ಬರಿಗೆ ಉದುರನ್ನ ಬೇಕು, ಇನ್ನೊಬ್ಬರಿಗೆ ಮೆತ್ತಗಿರಬೇಕು. ಪಕ್ಕದ ಮನೆಯ ಅಂಕಿ ನಿಮ್ಮ ಪಾತ್ರೆಗೆ ಹೊಂದುವುದಿಲ್ಲ. ಅದೇ ಅಕ್ಕಿ, ಅದೇ ನೀರಿನ ಅಳತೆ ಇದ್ದರೆ ಒಮ್ಮೆ ತೂಗಿ ಬರೆದಿಟ್ಟದ್ದು ಚೀಲ ಮುಗಿಯುವವರೆಗೆ ನಡೆಯುತ್ತದೆ.

ಗಂಜಿ ಬಸಿಯುವ ಮನೆಗಳಿಗೆ ಒಂದು ಮಾತು. ಬಸಿದರೆ ಸಕ್ಕರೆಯೆಲ್ಲ ಹರಿದುಹೋಗುತ್ತದೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಗಂಜಿಯಲ್ಲಿ ಸ್ವಲ್ಪ ಪಿಷ್ಟ ಹೋಗುತ್ತದೆ, ನಿಜ. ಬಹುಪಾಲು ಅಗುಳಿನಲ್ಲೇ ಉಳಿಯುತ್ತದೆ. ಹೋದದ್ದೆಷ್ಟು ಎಂದು ತಕ್ಕಡಿ ಹೇಳುವುದಿಲ್ಲವಾದ್ದರಿಂದ ಏನೂ ಹೋಗಿಲ್ಲ ಎಂದೇ ಲೆಕ್ಕ ಹಾಕಿ.

ಇನ್ನು ರೊಟ್ಟಿ. ಅನ್ನ ಬಿಟ್ಟು ರೊಟ್ಟಿ ಹಿಡಿದವರು "ನೂರು ಗ್ರಾಂ ಅನ್ನಕ್ಕೆ ಬದಲು ನೂರು ಗ್ರಾಂ ರೊಟ್ಟಿ" ಎಂದು ತೂಕಕ್ಕೆ ತೂಕ ಸರಿಮಾಡುತ್ತಾರೆ. ಇಲ್ಲೂ ನೀರೇ ಮೋಸ ಮಾಡುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿಯ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, ಪಾಲಿಶ್ ಮಾಡಿದ ಅಕ್ಕಿಯಲ್ಲಿ 78. ಜೋಳದಲ್ಲಿ ನಾರು ಬಹಳ ಹೆಚ್ಚು, ಅದರ ಲಾಭ ಬೇರೆ. ಆದರೆ ಅನ್ನದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರು, ರೊಟ್ಟಿಯಲ್ಲಿ ಅಷ್ಟಿಲ್ಲ. ಹಾಗಾಗಿ ತೂಕಕ್ಕೆ ತೂಕ ಇಟ್ಟರೆ ರೊಟ್ಟಿಯಲ್ಲೇ ಕಾರ್ಬೋಹೈಡ್ರೇಟ್ ಹೆಚ್ಚು. 50 ಗ್ರಾಂ ಹಿಟ್ಟಿನ ರೊಟ್ಟಿಯನ್ನು ಹಂಚಿನಿಂದ ಇಳಿಸಿದಾಗ ತೂಗಿ, ಅದನ್ನೇ ಒಣಗಿಸಿ ಕಟಕ್ ರೊಟ್ಟಿಯಾದ ಮೇಲೆ ಮತ್ತೆ ತೂಗಿ. ತೂಕ ಇಳಿದಿರುತ್ತದೆ, ಕಾರ್ಬೋಹೈಡ್ರೇಟ್ ಎರಡರಲ್ಲೂ 34 ಗ್ರಾಂ. ನೀರು ಹೋಯಿತು, ಹಿಟ್ಟು ಹೋಗಲಿಲ್ಲ. ಆದ್ದರಿಂದ ರೊಟ್ಟಿ ತೂಗಬೇಡಿ, ಹಿಟ್ಟು ತೂಗಿ ಎಷ್ಟು ರೊಟ್ಟಿಯಾಯಿತು ಎಂದು ಎಣಿಸಿ ಭಾಗಿಸಿ.

ತಪ್ಪು ಎದುರು ದಿಕ್ಕಿನಲ್ಲೂ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಮೊಬೈಲಿನಲ್ಲಿ ಹುಡುಕಿದರೆ ನೂರು ಗ್ರಾಂ ಅನ್ನಕ್ಕೆ 28 ಗ್ರಾಂ ಎಂದು ಸಿಗುತ್ತದೆ. ಅದು ಬೆಂದ ಅನ್ನದ ಅಂಕಿ. ಅದನ್ನು 125 ಗ್ರಾಂ ಅಕ್ಕಿಗೆ ಹಚ್ಚಿದರೆ 35 ಬರುತ್ತದೆ, ತಿಂದದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಊಟದ ಲೆಕ್ಕ ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಆಟವಲ್ಲ. ಹಸಿಯ ಅಂಕಿ ಹಸಿ ತೂಕಕ್ಕೆ, ಬೆಂದದ್ದರ ಅಂಕಿ ಬೆಂದ ತೂಕಕ್ಕೆ. ಎರಡನ್ನು ಕಲಸಬೇಡಿ.

ಅನ್ನ ರೊಟ್ಟಿಯಲ್ಲೇ ಹೊತ್ತು ಹೋಯಿತು, ಎಣ್ಣೆಯದ್ದನ್ನು ಬೇಗ ಹೇಳುತ್ತೇನೆ. ಎಣ್ಣೆಯ ಪಟ್ಟಿ ಸಾಮಾನ್ಯವಾಗಿ ನೂರು ಗ್ರಾಂಗೆ 900 ಕ್ಯಾಲೊರಿ ಎನ್ನುತ್ತದೆ, ನಾವು ಅಳೆಯುವುದು ಚಮಚದಲ್ಲಿ. ಒಂದು ಲೀಟರ್ ಪಾಕೀಟಿನ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಐದು ಮಿಲಿ ಲೀಟರಿನ ಚಮಚಕ್ಕೆ ನಾಲ್ಕೂವರೆ ಗ್ರಾಂ, ಸುಮಾರು 40 ಕ್ಯಾಲೊರಿ. ಮಂಡಕ್ಕಿ ಒಗ್ಗರಣೆ ತಿಂದು "ಮಂಡಕ್ಕಿ ಹಗುರ" ಎನ್ನುವವರು ಬಾಣಲೆಗೆ ಎಷ್ಟು ಚಮಚ ಹೋಯಿತು ಎಂದು ನೋಡಲಿ. ಪಕ್ಕದ ಮಿರ್ಚಿಯ ಮಾತು ಇವತ್ತು ಬೇಡ.

ಕೊನೆಗೆ ನೂಡಲ್ಸ್, ಚಿಪ್ಸ್ ಪ್ಯಾಕೆಟ್ಟಿನ ಶೇಕಡಾ ಸಾಲು. ನೂರು ಗ್ರಾಂ ಸಾಲಿನ ಪಕ್ಕದಲ್ಲೇ ಇರುವುದರಿಂದ ಅದೂ ನೂರು ಗ್ರಾಂನದೇ ಎಂದುಕೊಳ್ಳುತ್ತಾರೆ. ಅಲ್ಲ. ಅದು ಒಂದು ಸರ್ವಿಂಗಿಗೆ, ಮತ್ತು ಆ ಸರ್ವಿಂಗ್ ಎಷ್ಟು ಗ್ರಾಂ ಎಂದು ತೀರ್ಮಾನಿಸಿದ್ದು ಕಂಪನಿ. ನೂರು ಗ್ರಾಂ ನೂಡಲ್ಸಿಗೆ 1,200 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ ಅನ್ನಿ. 70 ಗ್ರಾಂ ಪ್ಯಾಕೆಟ್ ಪೂರ್ತಿ ತಿಂದರೆ 840. ದಿನದ ಮಿತಿ 2,000 ಮಿಲಿಗ್ರಾಂ ಎಂದು ಹಿಡಿದೇ ಆ ಶೇಕಡಾ ಹಾಕುವುದು, ಅಂದರೆ ಒಂದು ಪ್ಯಾಕೆಟ್ಟಿಗೇ ನೂರಕ್ಕೆ 42. ಸರ್ವಿಂಗ್ 35 ಗ್ರಾಂ ಎಂದು ಮುದ್ರಿಸಿದ್ದರೆ ಪ್ಯಾಕೆಟ್ಟಿನ ಮೇಲೆ ಕಾಣುವುದು 21. ನೂಡಲ್ಸ್ ಬೇಯಿಸಲು ಎಷ್ಟು ನೀರು ಸುರಿದರೂ ಆ ಸಾರನ್ನು ಕುಡಿದವರ ಹೊಟ್ಟೆಗೆ ಆ 840 ಅಷ್ಟೂ ಹೋಗುತ್ತದೆ.