ಒಂದು ಹಾಸಿಗೆಯ ಬೆಲೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ನೆನಪಿಗಾಗಿ ಇಪ್ಪತ್ತು ಹಾಸಿಗೆಗಳ ವೃದ್ಧಾಶ್ರಮವೊಂದನ್ನು ತೆರೆಯಬೇಕೆಂದು ನಾವೆಲ್ಲರೂ ಸಂಕಲ್ಪಿಸಿದ್ದೇವೆ. ಒಂದು ಲಕ್ಷ ರೂಪಾಯಿ ಕೊಟ್ಟವರ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ, ಒಂದು ಹಾಸಿಗೆಯನ್ನು ಅವರ ಹೆಸರಿನಲ್ಲಿ ಶಾಶ್ವತವಾಗಿ ನಡೆಸಬೇಕೆಂಬ ಸಲಹೆಯೂ ಬಂದಿದೆ. ಅದನ್ನು ಒಪ್ಪುವ ಮುನ್ನ ಒಂದು ಹಾಸಿಗೆಗೆ ತಿಂಗಳಿಗೆ ಎಷ್ಟು ತಗಲುವುದೆಂದು ಲೆಕ್ಕ ಹಾಕಿ ನೋಡೋಣ. ನಾವು ಹೇಳುವ ಮೊತ್ತಗಳು ಅಂದಾಜಿನವು. ದರಗಳು ಊರಿಂದೂರಿಗೆ ಬದಲಾಗುತ್ತವೆ, ಲೆಕ್ಕದ ರೀತಿ ಬದಲಾಗದು.

ಮೊದಲು ಊಟ. ಇಪ್ಪತ್ತು ಹಿರಿಯರಿಗೆ ಇಪ್ಪತ್ತು ತಟ್ಟೆ ಎಂದು ಬರೆದುಕೊಳ್ಳುವವರುಂಟು. ಕೆಲಸದವರೂ ಅಲ್ಲಿಯೇ ಉಣ್ಣುತ್ತಾರಷ್ಟೆ. ಆದುದರಿಂದ ಇಪ್ಪತ್ತೇಳು ತಟ್ಟೆ. ದಿನಕ್ಕೆ ತಲೆಗೆ 80 ರೂಪಾಯಿಯಂತೆ ತಿಂಗಳಿಗೆ ಸುಮಾರು 65,000. ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವುಗಳ ನಿತ್ಯದ ಮಾತ್ರೆಗಳಿಗೆ, ಸಾಧ್ಯವಾದವನ್ನು ಜನೌಷಧಿ ಕೇಂದ್ರದಿಂದಲೇ ತಂದರೂ, 18,000 ಇಡಬೇಕು. ಹಾಸಿಗೆ ಹಿಡಿದವರು ಐದು ಮಂದಿ ಇದ್ದಾರೆನ್ನಿ. ಅವರಿಗೆ ದಿನಕ್ಕೆ ಮೂರರಂತೆ ಡೈಪರಿಗೇ 13,500 ಆಗುತ್ತದೆ. ಮಾತ್ರೆ ಕೊಡಿಸುವ ದಾನಿಗಳಿಗೆ ಈ ವೆಚ್ಚವು ಹೊಳೆಯುವುದೇ ಇಲ್ಲ.

ಇನ್ನು ಆರೈಕೆಯವರು. ಇಡೀ ಲೆಕ್ಕ ನಿಲ್ಲುವುದೂ ಮುರಿಯುವುದೂ ಇಲ್ಲಿಯೇ. ಬೆಳಿಗ್ಗೆಯ ಪಾಳಿಗೆ ಇಬ್ಬರು, ಮಧ್ಯಾಹ್ನದ ಪಾಳಿಗೆ ಇಬ್ಬರು, ರಾತ್ರಿಗೆ ಒಬ್ಬರು. ಐವರು ಸಾಕೆಂದು ತೋರುತ್ತದೆ. ಆದರೆ ವಾರಕ್ಕೆ ಮೂವತ್ತೈದು ಪಾಳಿಗಳಾದವು. ವಾರದ ರಜೆ ಕಳೆದು ಒಬ್ಬರು ಆರು ಪಾಳಿ ಮಾತ್ರ ದುಡಿಯಬಲ್ಲರು. ಆದುದರಿಂದ ಆರು ಮಂದಿ ಬೇಕು. ತಲಾ 14,000 ದಂತೆ ಅವರಿಗೆ 84,000. ಇಬ್ಬರು ಅಡಿಗೆಯವರು ಮತ್ತು ಒಬ್ಬ ಶುಚಿಗಾರರಿಗೆ 36,000. ಒಬ್ಬ ದಾದಿಗೆ 20,000. ಒಟ್ಟು 1,40,000.

ರಾತ್ರಿಯ ಪಾಳಿಯನ್ನು ಕೈಬಿಡಬಹುದೆಂದು ಯಾರಾದರೂ ಹೇಳಿದರೆ ಹೀಗೆ ಉತ್ತರಿಸಿರಿ: ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಹತ್ತರಿಂದ ಆರರವರೆಗೆ ಐವರನ್ನು ನಾಲ್ಕು ನಾಲ್ಕು ಬಾರಿ, ಅಂದರೆ ಇಪ್ಪತ್ತು ಬಾರಿ. ವೃದ್ಧಾಶ್ರಮವೊಂದರ ಹಣಕಾಸು ಸೊರಗಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಜಮಾಖರ್ಚಿನ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಹಾಜರಿ ಪುಸ್ತಕದಲ್ಲಿ ರಾತ್ರಿಯ ಪಾಳಿಗೆ ಹದಿನೈದು ದಿನ ಒಂದೇ ಹೆಸರಿದ್ದರೆ ಸಾಕು.

ವಿದ್ಯುತ್ತು, ನೀರು, ಅಡಿಗೆ ಅನಿಲಕ್ಕೆ 25,000. ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಬರುವುದರಿಂದ ಇದನ್ನು ಮಳೆಗಾಲದ ಒಂದು ತಿಂಗಳ ರಸೀದಿ ನೋಡಿ ನಿರ್ಧರಿಸಲಾಗದು. ದುರಸ್ತಿ, ಆಸ್ಪತ್ರೆಗೆ ವಾಹನ, ಅಂತ್ಯಕ್ರಿಯೆ ಇವುಗಳಿಗೆ 8,500. ಎಲ್ಲ ಸೇರಿ 2,70,000; ಹಾಸಿಗೆಯೊಂದಕ್ಕೆ ತಿಂಗಳಿಗೆ 13,500, ದಿನಕ್ಕೆ 450.

ಇಷ್ಟಕ್ಕೇ ಮುಗಿಯಲಿಲ್ಲ. ಒಬ್ಬರು ದೈವಾಧೀನರಾಗಿ ಇನ್ನೊಬ್ಬರು ಬರುವವರೆಗೆ ಹಾಸಿಗೆ ಬರಿದಾಗಿರುತ್ತದೆ. ಹದಿನೆಂಟೇ ತುಂಬಿದ್ದರೆ ಇಬ್ಬರ ಊಟ ಮತ್ತು ಮಾತ್ರೆಯ 6,600 ಮಾತ್ರ ಉಳಿಯುತ್ತದೆ. ಸಂಬಳವೂ ದೀಪವೂ ಹಾಗೆಯೇ ಇರುತ್ತವೆ. ಉಳಿದ 2,63,400 ನ್ನು ಹದಿನೆಂಟಕ್ಕೆ ಹಂಚಿದರೆ 14,633. ಆದುದರಿಂದ ಹಾಸಿಗೆಯ ಬೆಲೆಯನ್ನು 15,000 ಎಂದೇ ಇಡಬೇಕೆಂಬುದು ನಮ್ಮ ಅಭಿಪ್ರಾಯ.

ಈಗ ಫಲಕದ ಮಾತಿಗೆ ಬರೋಣ. ಒಂದು ಲಕ್ಷವನ್ನು ಠೇವಣಿಯಿಟ್ಟು ಶೇಕಡ 7 ರಂತೆ ಬಡ್ಡಿ ಬಂದರೆ ವರ್ಷಕ್ಕೆ 7,000. ಅಷ್ಟರಲ್ಲಿ ಆ ಹಾಸಿಗೆ ನಡೆಯುವುದು ಹದಿನೈದು ದಿನ. ಉಳಿದ ಮುನ್ನೂರೈವತ್ತು ದಿನಗಳ ಭಾರವನ್ನು ಫಲಕವು ಹೊರಲಾರದು. ಆದರೆ ಅದನ್ನು ಕಂಡವರು 'ಈ ಹಾಸಿಗೆಗೆ ದಾನಿಗಳಿದ್ದಾರೆ' ಎಂದುಕೊಂಡು ಮುಂದೆ ನಡೆಯುವರು. 15,000 ದ ಲೆಕ್ಕದಲ್ಲಿ ಬಡ್ಡಿಯಿಂದಲೇ ನಡೆಸಲು ಸುಮಾರು 26 ಲಕ್ಷ ಬೇಕು, ಬೆಲೆಯೇರಿಕೆ ಬೇರೆ.

ಬಡವರ ಕಿರಿಯ ಸಹೋದರಿಯರ ಸಂಸ್ಥೆಯನ್ನು ಆರಂಭಿಸಿದ ಸಂತ ಜ್ಯಾನ್ ಜುಗಾನರು 1839 ರಲ್ಲಿ ಕುರುಡು ವೃದ್ಧೆಯೊಬ್ಬಳಿಗೆ ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅವರ ಸಹೋದರಿಯರು ಶಾಶ್ವತ ನಿಧಿಯನ್ನು ನೆಚ್ಚದೆ ಭಿಕ್ಷೆಯಿಂದಲೇ ಆಶ್ರಮಗಳನ್ನು ನಡೆಸುವರು. ಆ ವಿಶ್ವಾಸ ನಮಗಿಲ್ಲದಿದ್ದರೆ ನಮಗೆ ತಿಂಗಳ ಪಟ್ಟಿ ಬೇಕು.

ನಮ್ಮ ಸೂಚನೆಯಿದು. ಒಂದು ಹಾಸಿಗೆಗೆ ಐದು ಕುಟುಂಬಗಳು, ಕುಟುಂಬಕ್ಕೆ ತಿಂಗಳಿಗೆ 3,000. ದಾನವು ಹಾಸಿಗೆಗೆ ಸಲ್ಲಲಿ, ಅದರಲ್ಲಿ ಮಲಗಿದವರ ಹೆಸರಿಗಲ್ಲ; ಇಲ್ಲವಾದರೆ ಅವರು ತೀರಿಕೊಂಡ ತಿಂಗಳೇ ದಾನವೂ ನಿಲ್ಲುತ್ತದೆ. ಹುಟ್ಟುಹಬ್ಬಕ್ಕೆ, ಕ್ರಿಸ್ತಜಯಂತಿಗೆ ಊಟ ಹಾಕಿಸಲು ಬಯಸುವವರಿಗೆ ಬೇಡವೆನ್ನುವುದಿಲ್ಲ. ಆದರೆ ಊಟವು ಒಟ್ಟು ವೆಚ್ಚದಲ್ಲಿ ಕಾಲು ಪಾಲೂ ಅಲ್ಲ, ಸಂಬಳವೇ ಅರ್ಧಕ್ಕೂ ಮಿಗಿಲು. ಡಿಸೆಂಬರಿನಲ್ಲಿ ಮೂರು ಮನೆಯವರು ಒಂದೇ ದಿನ ಬಿರಿಯಾನಿ ತರುವರು; ಜೂನ್ ತಿಂಗಳ ರಾತ್ರಿ ಪಾಳಿಗೆ ಸಂಬಳ ಕೊಡುವವರಿರುವುದಿಲ್ಲ.

ವಿದೇಶದಲ್ಲಿರುವ ನಮ್ಮ ಮಕ್ಕಳ ವಿಷಯವಾಗಿ ಒಂದು ಎಚ್ಚರಿಕೆ. ಭಾರತದ ಪೌರರಾಗಿಯೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯೆನಿಸದು. ಬೇರೆ ದೇಶದ ಪೌರತ್ವ ಪಡೆದವರದು ವಿದೇಶಿ ದೇಣಿಗೆಯೇ. ಕಾಯಿದೆಯಂತೆ ಅನುಮತಿಯಿಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ಆದುದರಿಂದ ಹಣ ಕೇಳುವ ಮುನ್ನ ಪಾಸ್‌ಪೋರ್ಟು ಯಾವ ದೇಶದ್ದೆಂದು ಕೇಳಿರಿ.

ನೂರು ಕುಟುಂಬಗಳ ಸಹಿಗಾಗಿ ದೇವಾಲಯದ ಬಾಗಿಲಲ್ಲಿ ಪುಸ್ತಕವನ್ನಿಡಲಾಗಿದೆ. ಎಷ್ಟು ಹಾಸಿಗೆಗಳಿಗೆ ಐದೈದು ಸಹಿ ಪೂರ್ಣವಾಗುವುದೋ ಅಷ್ಟನ್ನೇ ಮೊದಲು ತೆರೆಯೋಣ.